ಹಳೇ ಟಿವಿಗೆ ಎಚ್‌ಡಿಎಂಐ ಸೆಟ್‌ಟಾಪ್ ಬಾಕ್ಸ್: ಕೊನೆಗೆ ಚಿತ್ರ ಬಂದದ್ದು ಹೀಗೆ

ಸೋಮವಾರಪೇಟೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಹಳೇ ಡಬ್ಬಾ ಟಿವಿ ಇದೆ. ಹಿಂದೆ ಹಳದಿ, ಬಿಳಿ, ಕೆಂಪು ತೂತುಗಳಷ್ಟೇ. ಹೊಸ ಸೆಟ್‌ಟಾಪ್ ಬಾಕ್ಸಿಗೆ ಎಚ್‌ಡಿಎಂಐ ಬಿಟ್ಟರೆ ಬೇರೆ ದಾರಿಯಿಲ್ಲ.

ಮೊದಲು ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಮೂರು ಬಣ್ಣದ ಪಿನ್ ಇರುವ ಕೇಬಲ್ ತಂದೆ. ಜೋಡಿಸಿದರೆ ಬರೀ ನೀಲಿ ಪರದೆ. ಅದು ಯಾವತ್ತೂ ಕೆಲಸ ಮಾಡಲ್ಲ. ಎಚ್‌ಡಿಎಂಐನಲ್ಲಿ ಹರಿಯುವುದು ಡಿಜಿಟಲ್ ಸಂಕೇತ, ಹಳದಿ ಪಿನ್ನಿಗೆ ಬೇಕಾದದ್ದು ಅನಲಾಗ್. ನಡುವೆ ಬದಲಾಯಿಸುವ ಚಿಪ್ ಇರಲೇಬೇಕು, ಬರೀ ತಂತಿಗೆ ಅದು ಸಾಧ್ಯವಿಲ್ಲ.

ಆಮೇಲೆ ಆ ಚಿಪ್ ಇರುವ, HDMI2AV ಎಂದು ಬರೆದಿರುವ ಪುಟ್ಟ ಪೆಟ್ಟಿಗೆ ತಂದೆ. AV2HDMI ಅಂದರೆ ಉಲ್ಟಾ ಕೆಲಸದ್ದು, ನೋಡಿ ಕೊಳ್ಳಿ. ಪವರ್ ಕೊಡದೆ ಜೋಡಿಸಿದಾಗ ಅದರ ಲೈಟು ಮಂಕಾಗಿ ಉರಿಯಿತು, ಚಿತ್ರ ಮಿನುಗಿ ಹೋಯಿತು. ಎಚ್‌ಡಿಎಂಐ ತಂತಿಯಲ್ಲೂ 5 ವೋಲ್ಟ್ ಬರುತ್ತದೆ, ಆದರೆ ಖಚಿತವಾಗಿ ನಂಬಬಹುದಾದದ್ದು 55 ಮಿಲಿಆಂಪಿಯರ್ ಮಾತ್ರ, ಚಿಪ್ಪಿಗೆ ಸಾಲದು. ಸೆಟ್‌ಟಾಪ್ ಬಾಕ್ಸಿನ ಯುಎಸ್‌ಬಿಗೆ ಸಿಕ್ಕಿಸಿದರೂ ಚಿತ್ರ ಆಗಾಗ ಕಡಿಯುತ್ತಿತ್ತು.

ಸರಿಹೋದದ್ದು 5 ವೋಲ್ಟ್ 1 ಆಂಪಿಯರಿನ ಹಳೇ ಮೊಬೈಲ್ ಚಾರ್ಜರಿನಿಂದ. ಮೊದಲು ಟಿವಿಯನ್ನು ಎವಿಗೆ ಹಾಕಿ, ಪೆಟ್ಟಿಗೆಗೆ ಚಾರ್ಜರ್ ಕೊಟ್ಟು, ಲೈಟು ಗಟ್ಟಿಯಾಗಿ ಉರಿದ ಮೇಲೆ ಎಚ್‌ಡಿಎಂಐ ಸಿಕ್ಕಿಸಿ, ಕೊನೆಗೆ ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದೆ. ಚಿತ್ರ ಬಂತು, ಆದರೆ ಕಪ್ಪುಬಿಳುಪು. ಪೆಟ್ಟಿಗೆಯ ಬದಿಯಲ್ಲಿ ಟಿವಿ ಸಂಕೇತದ ಪದ್ಧತಿ ಆರಿಸುವ ಸಣ್ಣ ಸ್ವಿಚ್ಚಿದೆ, ಅದನ್ನು NTSC ಇಂದ ನಮ್ಮ ದೇಶದ ಪದ್ಧತಿಯಾದ PAL ಕಡೆಗೆ ಸರಿಸಿದೆ, ಬಣ್ಣ ಬಂತು.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಎಲ್ಲ ಒಟ್ಟಿಗೆ ಆನ್ ಆದಾಗ ಪರದೆ ಮತ್ತೆ ನೀಲಿಯಾದರೆ, ಪೆಟ್ಟಿಗೆಯ ಲೈಟು ಉರಿಯುತ್ತಿರುವಾಗಲೇ ಎಚ್‌ಡಿಎಂಐ ಬಿಚ್ಚಿ ಸಿಕ್ಕಿಸಿದರೆ ಸಾಕು. ಸಣ್ಣ ಅಕ್ಷರ ಮಾತ್ರ ಮಸುಕಾಗಿಯೇ ಕಾಣುತ್ತದೆ, ಅದು ಹಳದಿ ಪಿನ್ನಿನ ಮಿತಿ.