ಲೈವ್ ಆಲ್ಬಂ ರಿಪೇರಿ: ಬೇಸ್ ಸುಲಭ, ಹಾಡು ಕಷ್ಟ

ರಾಕ್ ಕಛೇರಿಯ ರೆಕಾರ್ಡಿಂಗ್ ರಿಪೇರಿಗೆ ಬಂದಾಗ ನಾನು ಮೊದಲು ನೋಡುವುದು ತಪ್ಪು ಎಷ್ಟು ದೊಡ್ಡದು ಅಂತಲ್ಲ, ಅದು ಎಷ್ಟು ಮೈಕ್‌ಗಳಲ್ಲಿ ಸೋರಿದೆ ಅಂತ.

ಬೇಸ್ ಗಿಟಾರ್ ಇದರಲ್ಲಿ ಸುಲಭದ್ದು. ಡಿಐ ಬಾಕ್ಸ್‌ನಿಂದ, ಮೈಕ್ ಇಲ್ಲದೆ, ನೇರ ತಂತಿಯಲ್ಲಿ ಬರುವ ಆ ಟ್ರ್ಯಾಕ್‌ನಲ್ಲಿ ಬೇರೆ ವಾದ್ಯದ ಸದ್ದೇ ಇರುವುದಿಲ್ಲ. ಬ್ರಿಟನ್‌ನ ರಾಕ್ ತಂಡ ದಿ ಹೂ 1970ರ ಫೆಬ್ರವರಿ 14ರಂದು ಲೀಡ್ಸ್‌ನಲ್ಲಿ, ಮರುದಿನ ಹಲ್‌ನಲ್ಲಿ ನುಡಿಸಿತು. ಹಲ್‌ನ ಮೊದಲ ಕೆಲವು ಹಾಡುಗಳಲ್ಲಿ ಬೇಸ್ ರೆಕಾರ್ಡ್ ಆಗಿರಲಿಲ್ಲ. 2010ರಲ್ಲಿ ಅದನ್ನು ಹೊರತರುವಾಗ ಲೀಡ್ಸ್‌ನ ಬೇಸ್ ತಂದು ಕೂರಿಸಿದರು. ಬೇಸ್ ನುಡಿಸಿದ ಜಾನ್ ಎಂಟ್‌ವಿಸಲ್ 2002ರಲ್ಲೇ ತೀರಿಕೊಂಡಿದ್ದರಿಂದ ಮತ್ತೆ ನುಡಿಸಿಸುವ ಮಾತೇ ಇರಲಿಲ್ಲ.

ಹಾಡಿನ ಟ್ರ್ಯಾಕ್ ಹಾಗಲ್ಲ. ಗಾಯಕನ ಸ್ವರ ಜಾರಿದರೆ ಅದು ವೇದಿಕೆಯ ಮಾನಿಟರ್ ಸ್ಪೀಕರ್‌ನಿಂದ ಡ್ರಮ್ಸ್ ಮೈಕ್‌ಗೂ, ಜನರತ್ತ ತಿರುಗಿದ ಪಿಎ ಸ್ಪೀಕರ್‌ಗಳಿಂದ ಪ್ರೇಕ್ಷಕರ ಮೈಕ್‌ಗೂ ಹೋಗಿರುತ್ತದೆ. ಸ್ಟುಡಿಯೋದಲ್ಲಿ ಮತ್ತೆ ಹಾಡಿಸಿ ಕೂರಿಸಿದರೆ ಸರಿಯಾದ ಸ್ವರದ ಹಿಂದೆ ತಪ್ಪಿದ ಸ್ವರ ತೆಳುವಾಗಿ ಕೇಳುತ್ತಲೇ ಇರುತ್ತದೆ. ಪರೀಕ್ಷೆ ಸುಲಭ: ಹಾಡಿನ ಟ್ರ್ಯಾಕ್ ಮ್ಯೂಟ್ ಮಾಡಿ ಉಳಿದದ್ದನ್ನು ಕೇಳಿ. ಆಗಲೂ ಸಾಹಿತ್ಯ ಅರ್ಥವಾಗುತ್ತಿದ್ದರೆ ಮರುಗಾಯನ ನಿಲ್ಲುವುದಿಲ್ಲ. ಆಗ ನಾನು ಇನ್ನೊಂದು ರಾತ್ರಿಯ ಅದೇ ಸಾಲನ್ನು ಎಲ್ಲ ಟ್ರ್ಯಾಕ್‌ಗಳ ಸಮೇತ ತರುತ್ತೇನೆ. ಕತ್ತರಿಸುವುದು ಸ್ನೇರ್ ಡ್ರಮ್‌ನ ಏಟು ಬೀಳುವುದಕ್ಕೆ ಸ್ವಲ್ಪ ಮೊದಲು, ಏಟಿನ ಸದ್ದು ಕೊಂಡಿಯನ್ನು ಮರೆಮಾಡುತ್ತದೆ. ಆದರೆ ಹಿಂದಿನ ಸಿಂಬಲ್‌ನ ನಾದ ಅಲ್ಲಿ ತಟ್ಟನೆ ನಿಂತರೆ ಕಿವಿ ಹಿಡಿದುಬಿಡುತ್ತದೆ. ಅದಕ್ಕೆ ಸಿಂಬಲ್ ಇರುವ ಟ್ರ್ಯಾಕ್‌ಗಳಿಗೆ ಮಾತ್ರ, ಒಂದು ಇಳಿಯುತ್ತ ಇನ್ನೊಂದು ಏರುವ ಉದ್ದನೆಯ ಕ್ರಾಸ್‌ಫೇಡ್ ಕೊಡಬೇಕು. ಎರಡು ರಾತ್ರಿಯ ಲಯ ಹೊಂದದಿದ್ದರೆ ಈ ದಾರಿಯೂ ಮುಚ್ಚಿದಂತೆಯೇ.

ಇದಕ್ಕೆಲ್ಲ ರೆಕಾರ್ಡಿಂಗ್ ದಿನವೇ ಸಿದ್ಧತೆ ಬೇಕು. ವೇದಿಕೆಯಲ್ಲೇ ಮೈಕ್‌ನ ಸಿಗ್ನಲ್ ಅನ್ನು ಕವಲೊಡೆಸುವ ಸ್ಪ್ಲಿಟರ್ ಹಾಕಿ, ಮಿಕ್ಸರ್‌ನ ಇಕ್ಯೂ, ಕಂಪ್ರೆಷನ್ ಮುಟ್ಟುವ ಮೊದಲೇ ಪ್ರತಿ ಮೈಕ್ ಅನ್ನೂ ಬೇರೆ ಟ್ರ್ಯಾಕ್‌ಗೆ ಇಳಿಸಬೇಕು. ಸೌಂಡ್‌ಚೆಕ್‌ನಲ್ಲಿ ಮೀಟರ್ -18 ಡಿಬಿ ಆಸುಪಾಸು ಇದ್ದರೆ ಸಾಕು. ಜನ ಸೇರಿದ ಮೇಲೆ ಯಾವ ಡ್ರಮ್ಮರ್ ಕೂಡ ಸೌಂಡ್‌ಚೆಕ್‌ನಷ್ಟು ಮೆತ್ತಗೆ ಬಾರಿಸುವುದಿಲ್ಲ.

ಪ್ರೇಕ್ಷಕರ ಮೈಕ್‌ಗಳದ್ದು ಬೇರೆಯದೇ ತಕರಾರು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಮೈಕ್ ಪಿಎಯಿಂದ 20 ಮೀಟರ್ ದೂರವಿದ್ದರೆ ಸ್ನೇರ್ ಅಲ್ಲಿಗೆ 58 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಹಾಗೇ ಬೆರೆಸಿದರೆ ಒಂದೇ ಏಟು ಎರಡಾಗಿ ಕೇಳುತ್ತದೆ. ಸ್ನೇರ್‌ನ ಹತ್ತಿರದ ಮೈಕ್‌ನಲ್ಲಿ ಒಂದು ಏಟಿನ ಶುರುವನ್ನು ಹುಡುಕಿ, ಪ್ರೇಕ್ಷಕರ ಟ್ರ್ಯಾಕ್ ಅನ್ನು ಅದರ ಕಡೆಗೆ ಎಳೆದರೆ ಸರಿಹೋಗುತ್ತದೆ. ಕೇಕೆ, ಚಪ್ಪಾಳೆ ಅಷ್ಟೇ ಮುಂದಕ್ಕೆ ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸಣ್ಣ ಕರಕರ ಸದ್ದನ್ನು ನಾನು ಹಾಗೇ ಬಿಡುತ್ತೇನೆ. ದಿ ಹೂ ತಂಡದ ‘ಲೈವ್ ಅಟ್ ಲೀಡ್ಸ್’ ಎಲ್‌ಪಿಯ ಲೇಬಲ್ ಮೇಲೆ, ಕರಕರ ಇದ್ದರೂ ಪರವಾಗಿಲ್ಲ, ತಿದ್ದಬೇಡಿ ಎಂದೇ ಬರೆದಿದ್ದರು. ಮುಂದೆ ಸಿಡಿಗೆ ಬಂದಾಗ ಆ ಕರಕರವನ್ನೂ ತೆಗೆದರು.