ಸಬ್‌ವೂಫರ್ ಕೇಬಲ್ ಕೊಳ್ಳುವ ಮೊದಲು

ಸಬ್‌ವೂಫರಿಗೆಂದೇ ಮಾರುವ ದುಬಾರಿ ಕೇಬಲ್‌ನಿಂದ ಬೇಸ್ ಹೆಚ್ಚುವುದಿಲ್ಲ. ಕೇಬಲ್‌ನ ಕೆಪಾಸಿಟೆನ್ಸ್ ಕುಗ್ಗಿಸುವುದು ಬಹಳ ಎತ್ತರದ ಆವರ್ತನಗಳನ್ನೇ ಹೊರತು, ಸಬ್‌ವೂಫರಿಗೆ ಹೋಗುವ, ಸಾಮಾನ್ಯವಾಗಿ 120 ಹರ್ಟ್ಸ್‌ಗಿಂತ ಕೆಳಗಿನ ಸಂಕೇತವನ್ನಲ್ಲ. ವ್ಯತ್ಯಾಸ ಕೇಳಿಸುವುದು ಗುಂಯ್‌ಗುಡುವಿಕೆಯಲ್ಲಿ, ಏಕೆಂದರೆ ನಮ್ಮ ಕರೆಂಟಿನ 50 ಹರ್ಟ್ಸ್ ಸದ್ದು ಸಬ್‌ವೂಫರ್ ನುಡಿಸುವ ಶ್ರೇಣಿಯೊಳಗೇ ಬರುತ್ತದೆ.

ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ 8 ಮೀಟರ್ ಉದ್ದದ ಸಾಮಾನ್ಯ ಆರ್‌ಸಿಎ ಕೇಬಲ್ ಎಳೆದಾಗ ಈ ಸದ್ದು ಬಂದಿತ್ತು. ಕೇಬಲನ್ನು ಸಬ್‌ವೂಫರಿನ ಕಡೆಯಿಂದ ಕಳಚಿದೊಡನೆ ಅದು ನಿಂತದ್ದರಿಂದ ಸಬ್‌ವೂಫರಿನಲ್ಲಿ ದೋಷವಿಲ್ಲವೆಂದು ತಿಳಿಯಿತು. ಬಳಿಕ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಎರಡರ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದಾಗ, ಅದೇ ಹಳೆಯ ಕೇಬಲ್ ಇದ್ದರೂ ಗುಂಯ್‌ಗುಡುವಿಕೆ ಅಡಗಿತು.

ಹೀಗೆ ಮಾಡಿದ ಮೇಲೂ ಪಿನ್ನಿನ ಬುಡವನ್ನು ಅಲುಗಿಸಿದಾಗ ಸದ್ದು ಏರಿಳಿಯುತ್ತಿದ್ದರೆ ಒಳಗಿನ ಜಾಲರಿಯ ಬೆಸುಗೆ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು; ಆಗ ದಟ್ಟವಾದ ತಾಮ್ರದ ಜಾಲರಿಯುಳ್ಳ, ಬೇಕಾದಷ್ಟೇ ಉದ್ದದ ಕೇಬಲ್ ಕೊಂಡರೆ ಸಾಕು.