ಫ್ರೀಜರ್‌ನಲ್ಲಿ ಒಂದು ರೂಪಾಯಿ ನಾಣ್ಯ

ನಮ್ಮ ಮನೆ ಡೊಂಬಿವಲಿಯಲ್ಲಿ. ಮಳೆಗಾಲದಲ್ಲಿ ಬೀಗ ಹಾಕಿ ಕುಂದಾಪುರಕ್ಕೆ ಹೋದರೆ, ಹಿಂದೆ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ತಿಳಿಯುವುದೇ ಇಲ್ಲ. ಅದಕ್ಕೆ ಹೊರಡುವ ಮೊದಲು ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡುತ್ತೇನೆ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಲೋಟದ ಐಸ್ ಕರಗಿಲ್ಲ. ತಳಕ್ಕೆ ಹೋಗಿ ಐಸ್‌ನೊಳಗೆ ಸಿಕ್ಕಿಕೊಂಡಿದ್ದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ.

ಈ ಸಲ ನಾಣ್ಯ ತಳದಲ್ಲಿತ್ತು. ಬಂಗುಡೆ ಪೊಟ್ಟಣ ಕಲ್ಲಿನ ಹಾಗಿತ್ತು, ಆದರೆ ಕರಗಿದ ನೀರು ಕೆಳಗೆ ಇಳಿದು ಕೆಂಪಗೆ ಹೆಪ್ಪುಗಟ್ಟಿತ್ತು. ಅತ್ತೆ ಬಿಡಲಿಲ್ಲ. "ಇಷ್ಟು ಗಟ್ಟಿ ಉಂಟಲ್ಲ ಮಾರಾಯ್ತಿ, ಚೆನ್ನಾಗಿ ಕುದಿಸಿದರೆ ಏನಾಗ್ತದೆ?"

ಬಂಗುಡೆಯ ಮಟ್ಟಿಗೆ ಆ ಮಾತು ನಡೆಯುವುದಿಲ್ಲ. ಅದು ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಅನ್ನೋದು ಹುಟ್ಟುತ್ತದೆ. ಕುದಿಸಿದರೂ ಹೋಗಲ್ಲ, ಮತ್ತೆ ಫ್ರೀಜ್ ಮಾಡಿದರೂ ಹೋಗಲ್ಲ. ವಾಸನೆಯಲ್ಲೂ ಗೊತ್ತಾಗದೇ ಇರಬಹುದು. ತಿಂದರೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಎಷ್ಟು ಹೊತ್ತು ಬೆಚ್ಚಗಿತ್ತು ಅಂತ ನಾಣ್ಯ ಹೇಳುವುದಿಲ್ಲ, ಹಾಗಾಗಿ ಮೀನು, ಕೋಳಿ ಎರಡನ್ನೂ ಬಿಸಾಡಿದೆ.

ಐಸ್‌ಕ್ರೀಮ್ ಡಬ್ಬಿಗೆ ನಾಣ್ಯವೇ ಬೇಕಿರಲಿಲ್ಲ. ಮುಚ್ಚಳ ತೆಗೆದರೆ ಮಟ್ಟ ಕೆಳಗಿಳಿದಿತ್ತು, ಮೇಲೆ ಐಸ್ ಪದರ, ಚಮಚ ಹಾಕಿದರೆ ಮರಳಿನಂತೆ ಕರಕರ. ಐಸ್‌ಕ್ರೀಮ್ ಮಾಡುವಾಗ ಗಾಳಿ ಸೇರಿಸಿ ಕಡೆಯುತ್ತಾರೆ. ಕರಗಿದಾಗ ಆ ಗಾಳಿ ಹೋಗುತ್ತದೆ, ಸುಮ್ನೆ ನಿಂತು ಮತ್ತೆ ಗಟ್ಟಿಯಾಗುವಾಗ ಐಸ್ ಹರಳುಗಳು ದಪ್ಪಗಾಗುತ್ತವೆ. ರುಚಿ ಕೆಟ್ಟದ್ದು ಇರಲಿ, ಅದು ಹಾಲು ಸಕ್ಕರೆಯ ಪದಾರ್ಥ, ಮತ್ತೆ ಬೇಯಿಸಿ ತಿನ್ನುವುದೂ ಅಲ್ಲ. ಅಂಗಡಿಯಲ್ಲೂ ಡಬ್ಬಿ ಸೊಟ್ಟಗಿದ್ದರೆ, ಹೊರಗೆ ಅಂಟಂಟು ಇದ್ದರೆ ನಾನು ತರುವುದಿಲ್ಲ.

ಮನೆಯಲ್ಲೇ ಇದ್ದಾಗ ಲೆಕ್ಕ ಬೇರೆ. ಕರೆಂಟ್ ಹೋದರೆ ಬಾಗಿಲು ತೆಗೆಯುವುದಿಲ್ಲ. ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದರೆ 24. ಆಮೇಲೆ ಒಂದೊಂದೇ ಪೊಟ್ಟಣ ಒತ್ತಿ ನೋಡುತ್ತೇನೆ. ಒಳಗೆ ಐಸ್ ಚೂರು ಸಿಕ್ಕಿದರೆ, ಇಲ್ಲವೇ ಥರ್ಮಾಮೀಟರ್ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಮತ್ತೆ ಫ್ರೀಜ್ ಮಾಡಬಹುದು. 4 ದಾಟಿ 2 ಗಂಟೆ ಕಳೆದ ಮೀನು ಮಾಂಸ ಕಸದ ಡಬ್ಬಕ್ಕೆ.

ಫ್ರಿಜ್‌ನ ಕೆಳಗಿನ ಭಾಗದಲ್ಲೇ ಕರಗಿದ ಮೀನನ್ನೂ ಹೀಗೇ ವಾಪಸ್ ಇಡಬಹುದು. ಆದರೆ ಎರಡನೇ ಸಲ ಕರಗಿದಾಗ ನೀರು ಜಾಸ್ತಿ ಬಿಡುತ್ತದೆ, ತವಾ ಮೇಲೆ ಹಾಕಿದರೆ ಪುಡಿಪುಡಿ. ಅಂಥದ್ದನ್ನು ನಾನು ಹುರಿಯಲು ಹೋಗುವುದಿಲ್ಲ, ಗಸಿಗೆ ಹಾಕುತ್ತೇನೆ.